15 ನಿಮಿಷದ ಕಥೆಯನ್ನು 4 ನಿಮಿಷಕ್ಕೆ ಇಳಿಸಿದ್ದು

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅಂತ ನಾನೊಂದು ಆಲೆಮನೆ ಕಥೆ ಬರೆದಿದ್ದೆ. ಅದನ್ನು ಪುಟಾಣಿಗಳಿಗೆ ಇಳಿಸಿಕೊಡು ಅಂತ ನಮ್ಮತ್ತಿಗೆ ಕೇಳಿದರು. ಅವರು ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಅಲ್ಲಿ ಮೂರು ವರ್ಷದಿಂದ ಆರು ವರ್ಷದೊಳಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. "ಮೂರು ವರ್ಷದ್ದು ಎದ್ದು ಹೋಗಬಾರದು, ಐದು ವರ್ಷದ್ದಕ್ಕೆ ಬೇಜಾರಾಗಬಾರದು, ನೀತಿ ಮಾತ್ರ ಹಾಗೇ ಇರಬೇಕು ಕಣೇ" ಅಂದರು. ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಕತ್ತರಿ ಹಾಕಿದೆವು, ಎಲ್ಲಿ ಹಾಕಬಾರದು ಅಂತ ಗೊತ್ತಾಯಿತು ಅನ್ನೋದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಮೂಲ ಕಥೆ ಏನು ಅಂತ ಹೇಳಿಬಿಡುತ್ತೇನೆ. ಸೋಮ ಅನ್ನೋ ಹುಡುಗ ತಾತನ ಆಲೆಮನೆಯಲ್ಲಿ ಯಾರೂ ಇಲ್ಲದಾಗ ಒಂದು ಅಚ್ಚು ಬೆಲ್ಲ ತೆಗೆದು ತಿನ್ನುತ್ತಾನೆ. ಪಕ್ಕದಲ್ಲಿ ಕೂತಿದ್ದ ಕೆಂಚ ಅನ್ನೋ ನಾಯಿಯೇ ತಿಂದಿದೆ ಅಂದುಕೊಂಡು ತಾತ ಅದನ್ನು ಕಂಬಕ್ಕೆ ಕಟ್ಟಿಹಾಕುತ್ತಾರೆ. ರಾತ್ರಿಯೆಲ್ಲ ನಾಯಿ ಕುಂಯ್‌ಗುಡುತ್ತದೆ. ಸೋಮನಿಗೆ ನಿದ್ದೆ ಹತ್ತುವುದಿಲ್ಲ. ಕೊನೆಗೆ ಎದ್ದು ಹೋಗಿ ನಿಜ ಹೇಳುತ್ತಾನೆ. ನನ್ನ ತಪ್ಪಿಗೆ ಇನ್ನೊಬ್ಬರು ಕಷ್ಟಪಡುತ್ತಿದ್ದರೆ ನಾನು ಬಾಯಿ ಬಿಡಬೇಕು, ಇದೇ ಕಥೆಯ ನೀತಿ. ಬರೀ "ಕದಿಯಬಾರದು" ಅಲ್ಲ, ಬರೀ "ಸುಳ್ಳು ಹೇಳಬಾರದು" ಕೂಡ ಅಲ್ಲ. ಸೋಮ ಒಂದು ಸುಳ್ಳೂ ಹೇಳಿಲ್ಲ, ಸುಮ್ನೆ ಇದ್ದ ಅಷ್ಟೇ. ಆ ಸುಮ್ಮನಿರುವುದೇ ತಪ್ಪು ಅನ್ನೋದು ಕಥೆಯ ಜೀವ. ಕತ್ತರಿ ಹಾಕುವಾಗ ಮೊದಲು ಸಾಯುವುದೂ ಅದೇ.

ಮೂಲದಲ್ಲಿ ಸುಮಾರು 1,200 ಪದ ಇದ್ದವು. ನಿಧಾನವಾಗಿ ಓದಿದರೆ ಹದಿನೈದು ನಿಮಿಷ ಬೇಕು. ಸೋಮ, ತಾತ, ಅಜ್ಜಿ, ಗಾಣದ ಆಳು, ಮಂಡ್ಯದಿಂದ ಬೆಲ್ಲ ಕೊಳ್ಳಲು ಬಂದ ಸಾಹುಕಾರ, ಸೋಮನ ಗೆಳೆಯ, ಜೊತೆಗೆ ಕೆಂಚ. ಕಥೆ ಶುರುವಾಗುವುದು ರಾತ್ರಿ. ಸೋಮ ಹಾಸಿಗೆಯಲ್ಲಿ ಹೊರಳುತ್ತಾ ಹಗಲು ಆಗಿದ್ದನ್ನು ನೆನೆಸಿಕೊಳ್ಳುತ್ತಾನೆ. ಒಂಬತ್ತು ವರ್ಷದವರಿಗೆ ಇದೆಲ್ಲ ಇಷ್ಟವಾಗಿತ್ತು.

ಏನನ್ನು ಉಳಿಸಬೇಕು ಅಂತ ನೋಡಲು ಕಥೆಯನ್ನು ಒಂದು ಹಾಳೆಯಲ್ಲಿ ಸಾಲು ಸಾಲಾಗಿ ಬರೆದುಕೊಂಡೆ. ಎರಡು ಸಾಲುಗಳ ಮಧ್ಯೆ "ಅದಕ್ಕೆ" ಅನ್ನೋ ಪದ ಇಟ್ಟು ಓದಿದೆ. "ಅದಕ್ಕೆ" ಕೂತರೆ ಆ ಸಾಲು ಬೇಕೇ ಬೇಕು. ಬರೀ "ಆಮೇಲೆ" ಕೂರುತ್ತದೆ ಅಂದರೆ ಅದನ್ನು ತೆಗೆಯಬಹುದು.

ಸೋಮ ಬೆಲ್ಲ ತಿಂದ. ಅದಕ್ಕೆ ಒಂದು ಅಚ್ಚು ಕಡಿಮೆ ಆಯಿತು. ಅದಕ್ಕೆ ತಾತ ಕೆಂಚನನ್ನು ಕಟ್ಟಿದರು. ಅದಕ್ಕೆ ಕೆಂಚ ಅತ್ತಿತು. ಅದಕ್ಕೆ ಸೋಮನಿಗೆ ನಿದ್ದೆ ಬರಲಿಲ್ಲ. ಅದಕ್ಕೆ ಸೋಮ ನಿಜ ಹೇಳಿದ. ಅದಕ್ಕೆ ಕೆಂಚನನ್ನು ಬಿಟ್ಟರು.

ಇಷ್ಟೇ. ಸಾಹುಕಾರ ಬಂದಿದ್ದು, ಗೆಳೆಯ ಗೋಲಿ ಆಟಕ್ಕೆ ಕರೆದಿದ್ದು, ಅಜ್ಜಿ ರಾತ್ರಿ ಊಟಕ್ಕೆ ಎಬ್ಬಿಸಿದ್ದು, ಎಲ್ಲವೂ "ಆಮೇಲೆ" ಸಾಲುಗಳು. ಒಂದೇ ಸಲಕ್ಕೆ ಹೋದವು. ಬೆಲ್ಲ ಮಾಡುವ ಬಗೆಯ ಮೇಲೆ ಒಂದು ಉದ್ದ ಪ್ಯಾರಾ ಇತ್ತು. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬರುವುದು, ಕುದಿಯುವಾಗ ಮೇಲೆ ಬಂದ ಕೊಳೆ ತೆಗೆಯುವುದು, ಪಾಕದ ಹದ ನೋಡುವುದು, ಅಚ್ಚಿಗೆ ಸುರಿಯುವುದು. ನಾನು ತುಂಬಾ ಪ್ರೀತಿಯಿಂದ ಬರೆದಿದ್ದ ಭಾಗ ಅದು. ಆದರೂ ಅದರಿಂದ ಕಥೆಯಲ್ಲಿ ಏನೂ ಆಗುವುದಿಲ್ಲ. "ಬಿಸಿ ಬಿಸಿ ಬೆಲ್ಲ, ಘಮ ಘಮ ಬೆಲ್ಲ" ಅಂತ ಒಂದು ಸಾಲು ಉಳಿಸಿ ಮಿಕ್ಕಿದ್ದನ್ನು ತೆಗೆದೆ. ಆ ಒಂದು ಸಾಲು ಬೇಕು, ಯಾಕಂದರೆ ಸೋಮ ಯಾಕೆ ಕೈ ಹಾಕಿದ ಅನ್ನೋದು ಅದರಲ್ಲೇ ಇದೆ.

ರಾತ್ರಿಯಿಂದ ಶುರುವಾಗಿ ಹಗಲಿಗೆ ಹಿಂದೆ ಹೋಗುವ ಜೋಡಣೆಯನ್ನೂ ಬಿಟ್ಟೆ. ಆಗಿದ್ದು ಆದ ಕ್ರಮದಲ್ಲೇ ಬರಬೇಕು. ಓದುವ ಮಗು ಗೊಂದಲವಾದರೆ ಪುಟ ತಿರುವಿ ನೋಡಬಹುದು. ಕೇಳುವ ಮಗುವಿಗೆ ಹಿಂದಿನ ಪುಟ ಇಲ್ಲ ಅಲ್ವಾ? ಮುಂದಿನ ಬಹುಪಾಲು ತಿದ್ದುಪಡಿಗೆ ಕಾರಣ ಇದೊಂದೇ.

ವಾಕ್ಯ ಒಡೆದಿದ್ದು

ಪದ ಕಷ್ಟ ಇದ್ದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕನ್ನಡದಲ್ಲಿ ಪದಕ್ಕಿಂತ ವಾಕ್ಯದ ಕಷ್ಟ ಜಾಸ್ತಿ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೂ ಮುಂಚೆ "ಮಾಡಿದ", "ಕೂತಿದ್ದ", "ಗಮನಿಸಿ", "ಅಂದುಕೊಂಡು" ಅಂತ ಎಷ್ಟು ಬೇಕಾದರೂ ಪೋಣಿಸಬಹುದು. ಬರೆಯುವವರಿಗೆ ಇದು ಸುಖ. ಮೂರು ವರ್ಷದ ಮಗು ಮಾತ್ರ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡು ಕೊನೆಯ ಪದಕ್ಕೆ ಕಾಯಬೇಕು.

ಮೂಲದಲ್ಲಿದ್ದ ಒಂದು ವಾಕ್ಯ ನೋಡಿ:

"ಬೆಳಗಿನಿಂದ ಒಲೆಯ ಮುಂದೆ ನಿಂತು ಸುಸ್ತಾಗಿದ್ದ ತಾತ, ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ ಅಚ್ಚುಗಳಲ್ಲಿ ಒಂದು ಕಾಣೆಯಾಗಿರುವುದನ್ನು ಗಮನಿಸಿ, ಪಕ್ಕದಲ್ಲೇ ಬಾಯಿ ಚಪ್ಪರಿಸುತ್ತ ಕೂತಿದ್ದ ಕೆಂಚನ ಮೇಲೆ ಅನುಮಾನಗೊಂಡು ಅದನ್ನು ಕಂಬಕ್ಕೆ ಕಟ್ಟಿಹಾಕಿದರು."

ಇದರೊಳಗೆ ಐದಾರು ಕೆಲಸ ನಡೆದಿದೆ. "ತಾತ" ಶುರುವಿನಲ್ಲಿದ್ದಾರೆ, ಅವರು ಮಾಡಿದ ಮುಖ್ಯ ಕೆಲಸ ಕೊನೆಯಲ್ಲಿದೆ. ಮಧ್ಯದಲ್ಲಿ ಚಾಪೆ, ಅಚ್ಚು, ಕೆಂಚ ಎಲ್ಲ ಬಂದು ಹೋದವು. ಒಡೆದ ಮೇಲೆ ಹೀಗಾಯಿತು:

"ತಾತ ಬಂದರು. ಒಂದು, ಎರಡು, ಮೂರು... ಒಂದು ಅಚ್ಚು ಇಲ್ಲ! ಪಕ್ಕದಲ್ಲಿ ಕೆಂಚ ಕೂತಿತ್ತು. 'ಕೆಂಚನೇ ತಿಂದಿದೆ,' ಅಂದರು ತಾತ. ತಾತ ಕೆಂಚನನ್ನು ಕಂಬಕ್ಕೆ ಕಟ್ಟಿದರು."

ಒಂದು ವಾಕ್ಯಕ್ಕೆ ಒಂದು ಕೆಲಸ. "ಅನುಮಾನಗೊಂಡು" ಅನ್ನೋ ಪದ ಹೋಯಿತು, ಅನುಮಾನ ಉಳಿಯಿತು. ಅದು ತಾತನ ಬಾಯಿಮಾತಾಗಿ ಬಂತು. ಮನಸ್ಸಿನೊಳಗಿನ ಪದಗಳಿಗೆಲ್ಲ ಇದೇ ದಾರಿ ಹಿಡಿದೆ. ಅಂಥ ಪದವನ್ನು ಒಂದೋ ಆಡಿದ ಮಾತು ಮಾಡಬೇಕು, ಇಲ್ಲ ಮೈಮೇಲೆ ಕಾಣುವ ಕೆಲಸ ಮಾಡಬೇಕು. "ಸೋಮನನ್ನು ಪಶ್ಚಾತ್ತಾಪ ಕಾಡಿತು" ಅಂತ ಇದ್ದಿದ್ದು "ಸೋಮ ಮಲಗಿದ. ನಿದ್ದೆ ಬರಲಿಲ್ಲ" ಅಂತಾಯಿತು. "ಪಶ್ಚಾತ್ತಾಪ"ದ ಬದಲು "ಬೇಜಾರು" ಅಂತ ಹಾಕಿದರೆ ಸಾಲದು. ಬೇಜಾರು ಹತ್ತು ಥರದ್ದಿರುತ್ತದೆ, ಇದು ಯಾವುದು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ನಿದ್ದೆ ಬರದೆ ಹೊರಳುವುದು ಎಲ್ಲ ಮಕ್ಕಳಿಗೂ ಗೊತ್ತು.

"ಬಾಯಿ ಚಪ್ಪರಿಸುತ್ತ" ಹೋಗಿದ್ದಕ್ಕೆ ಬೇರೆ ಕಾರಣ ಇದೆ. ದೊಡ್ಡ ಮಕ್ಕಳಿಗೆ ಅದು ಮಜಾ. ತಾತ ಯಾಕೆ ಮೋಸ ಹೋದರು ಅಂತ ಅವರಿಗೆ ಹೊಳೆಯುತ್ತದೆ. ಚಿಕ್ಕವರಿಗೆ ಅದು ಸುಳ್ಳು ಸಾಕ್ಷಿ. ನಾಯಿ ಬಾಯಿ ಚಪ್ಪರಿಸಿತು ಅಂದರೆ ನಾಯಿಯೂ ತಿಂದಿದೆ ಅಂತಲೇ ಲೆಕ್ಕ. ಕೆಂಚನ ಬಾಯಿಗೆ ಬೆಲ್ಲ ಹತ್ತಿರ ಬರುವ ಒಂದು ಪದವೂ ಇರಬಾರದು ಅಂತ ತೀರ್ಮಾನ ಮಾಡಿದೆ.

ಕಷ್ಟದ ಪದ ಅಂತ ಎಲ್ಲವನ್ನೂ ತೆಗೆಯಲಿಲ್ಲ. "ಆಲೆಮನೆ" ಉಳಿಯಿತು, "ಅಚ್ಚು" ಉಳಿಯಿತು. ಕೈಯಲ್ಲಿ ಹಿಡಿದು ತೋರಿಸಬಹುದಾದ ವಸ್ತುವಿನ ಹೆಸರನ್ನು ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ, ಮಂಡ್ಯದ ಮಕ್ಕಳಿಗಂತೂ ಕಲಿಸುವುದೂ ಬೇಡ. ತೋರಿಸಲಾಗದ ಪದವೇ ತೊಂದರೆ.

ಇನ್ನೆರಡು ಸಣ್ಣ ವಿಷಯ. "ಅವನು", "ಅದು" ಅನ್ನೋ ಕಡೆಯೆಲ್ಲ ಹೆಸರನ್ನೇ ಹಾಕಿದೆ. ಓದುವಾಗ "ಸೋಮ, ಸೋಮ" ಅಂತ ಜಾಸ್ತಿ ಅನ್ನಿಸುತ್ತದೆ, ಕೇಳುವಾಗ ಅನ್ನಿಸುವುದಿಲ್ಲ. ಆಮೇಲೆ, "ತಾನೇ ಬೆಲ್ಲ ತಿಂದಿರುವುದಾಗಿ ಹೇಳದೆ ಇರಲು ಸೋಮನಿಗೆ ಆಗಲಿಲ್ಲ" ಅನ್ನೋ ವಾಕ್ಯವನ್ನು ಪೂರ್ತಿ ಬಿಚ್ಚಿದೆ. ಎರಡು "ಇಲ್ಲ" ಸೇರಿ ಒಂದು "ಹೌದು" ಆಗುವ ಲೆಕ್ಕ ಈ ವಯಸ್ಸಿಗೆ ಬೇಡ. ಅದರ ಜಾಗದಲ್ಲಿ ಸೋಮನ ನೇರ ಮಾತು ಬಂತು: "ಬೆಲ್ಲ ತಿಂದಿದ್ದು ಕೆಂಚ ಅಲ್ಲ. ನಾನು."

ಕಟ್ಟಿದ್ದು ಯಾಕೆ?

ಇಷ್ಟು ಮಾಡಿಕೊಂಡು ಅಂಗನವಾಡಿಗೆ ಹೋದೆ. ಅತ್ತಿಗೆ ಕಥೆ ಹೇಳಿದರು, ನಾನು ಹಿಂದೆ ಕೂತು ನೋಡುತ್ತಿದ್ದೆ. ಮಕ್ಕಳು ಯಾವ ಸಾಲಿಗೆ ಕತ್ತು ತಿರುಗಿಸುತ್ತಾರೆ, ಯಾವಾಗ ಪಕ್ಕದವರ ಲಂಗ ಎಳೆಯುತ್ತಾರೆ ಅಂತ ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂತ ಕೇಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹಾಗೆ ಕೇಳಿದರೆ ಯಾವ ಕಥೆಗಾದರೂ "ಸುಳ್ಳು ಹೇಳಬಾರದೂ" ಅಂತ ರಾಗವಾಗಿ ಒಂದೇ ಉತ್ತರ ಬರುತ್ತದೆ. ಅದು ಈ ಕಥೆ ಕೇಳಿ ಬಂದದ್ದಲ್ಲ. ಅದರ ಬದಲು ಮೂರು ಪ್ರಶ್ನೆ ಇಟ್ಟುಕೊಂಡೆವು. ಬೆಲ್ಲ ತಿಂದಿದ್ದು ಯಾರು? ತಾತ ಕೆಂಚನನ್ನು ಯಾಕೆ ಕಟ್ಟಿದರು? ಆಮೇಲೆ ಯಾಕೆ ಬಿಟ್ಟರು? ಮೊದಲನೆಯದು ಕೇಳಿಸಿಕೊಂಡರಾ ಅಂತ ನೋಡಲು. ಎರಡನೆಯದು ಕಥೆ ಹಿಡಿಯಿತಾ ಅಂತ ನೋಡಲು. ಮೂರನೆಯದು ನೀತಿಗೆ.

ಮೊದಲ ಪ್ರಶ್ನೆಗೆ ಎಲ್ಲರೂ "ಸೋಮ!" ಅಂದರು. ಎರಡನೆಯದಕ್ಕೆ ಐದು ವರ್ಷದವಳೊಬ್ಬಳು "ತಾತಂಗೆ ಗೊತ್ತಿಲ್ಲ ಮಿಸ್, ಕೆಂಚ ತಿಂದೈತೆ ಅನ್ಕೊಂಡವ್ರೆ" ಅಂತ ಸರಿಯಾಗಿ ಹೇಳಿದಳು. ಮೂರು ವರ್ಷದ ಒಬ್ಬ ಹುಡುಗ "ಕೆಂಚ ಕಚ್ತದೆ, ಅದ್ಕೆ" ಅಂದ. ಇನ್ನೊಬ್ಬಳು "ಕೆಂಚ ಓಡೋಯ್ತದೆ" ಅಂದಳು. ಬೆಲ್ಲ ತಿಂದಿದ್ದು ಯಾರು ಅಂತ ತಾತನಿಗೆ ಗೊತ್ತಾ ಅಂತ ಅತ್ತಿಗೆ ಕೇಳಿದರೆ, ಚಿಕ್ಕವರೆಲ್ಲ ತಲೆ ಆಡಿಸಿ ಗೊತ್ತು ಅಂದರು.

ಇಲ್ಲಿ ನಿಲ್ಲಬೇಕಾಯಿತು. ಪದ ಅರ್ಥವಾಗಿದೆ, ವಾಕ್ಯ ಅರ್ಥವಾಗಿದೆ, ಆದರೂ ಕಥೆಯ ಗಂಟು ಕೂತಿಲ್ಲ. ಇದಕ್ಕೆ ಕಾರಣ ಮಕ್ಕಳ ಮನಸ್ಸಿನ ಬಗ್ಗೆ ಓದಿದವರಿಗೆ ಹೊಸದಲ್ಲ. ಹೈಂಜ್ ವಿಮರ್ ಮತ್ತು ಯೋಸೆಫ್ ಪೆರ್ನರ್ ಅನ್ನೋ ಇಬ್ಬರು 1983ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಮ್ಯಾಕ್ಸಿ ಅನ್ನೋ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಹೆಚ್ಚಿನ ಮಕ್ಕಳು ಚಾಕೊಲೇಟ್ ಈಗ ಎಲ್ಲಿದೆಯೋ ಅಲ್ಲೇ ಹುಡುಕುತ್ತಾನೆ ಅನ್ನುತ್ತಾರೆ. ತನಗೆ ಗೊತ್ತಿರುವುದು ಮ್ಯಾಕ್ಸಿಗೆ ಗೊತ್ತಿಲ್ಲ ಅನ್ನೋದು ಅವರಿಗೆ ಇನ್ನೂ ಹತ್ತುವುದಿಲ್ಲ. ನಾಲ್ಕು ದಾಟಿ ಐದರ ಹೊತ್ತಿಗೆ ಇದು ಬರುತ್ತದೆ.

ನನ್ನ ಕಥೆಯಲ್ಲಿ ತಾತ ತಪ್ಪಾಗಿ ತಿಳಿದುಕೊಂಡಿದ್ದಾರೆ. ಇಡೀ ಕಥೆ ಆ ತಪ್ಪು ತಿಳಿವಳಿಕೆಯ ಮೇಲೆ ನಿಂತಿದೆ. ಮೂರು ವರ್ಷದ ಮಗುವಿನ ಲೆಕ್ಕದಲ್ಲಿ ಸೋಮ ತಿಂದಿದ್ದು ತನಗೆ ಗೊತ್ತು, ಅಂದಮೇಲೆ ತಾತನಿಗೂ ಗೊತ್ತು. ಹಾಗಾದರೆ ಕೆಂಚನನ್ನು ಕಟ್ಟಿದ್ದಕ್ಕೆ ಬೇರೇನೋ ಕಾರಣ ಇರಬೇಕು. ಅದಕ್ಕೇ "ಕಚ್ತದೆ". ಮಗು ತಾನೇ ಒಂದು "ಅದಕ್ಕೆ" ಹುಡುಕಿಕೊಂಡು ಹಾಕಿಬಿಟ್ಟಿದೆ. ಇದು ಹೀಗೇ ಉಳಿದರೆ ಸೋಮ ಹೋಗಿ ನಿಜ ಹೇಳುವುದಕ್ಕೆ ಅರ್ಥವೇ ಇಲ್ಲ. ಗೊತ್ತಿರುವವರಿಗೆ ಹೇಳುವುದೇನು?

ಹಾಗಂತ ಗಂಟನ್ನು ಬಿಡಿಸಿಬಿಡಲು ಆಗುವುದಿಲ್ಲ, ಗಂಟೇ ಕಥೆ. ಮಾಡಬಹುದಾದದ್ದು ಗಂಟು ಕಣ್ಣಿಗೆ ಕಾಣುವ ಹಾಗೆ ಮಾಡುವುದು. "ತಾತನಿಗೆ ಗೊತ್ತಿರಲಿಲ್ಲ" ಅಂದರೆ ಅದು ಮತ್ತೆ ಮನಸ್ಸಿನೊಳಗಿನ ವಿಷಯ. "ನೋಡುವುದು" ಹೊರಗಿನದು. ಅದಕ್ಕೆ ಸೋಮ ಬೆಲ್ಲ ತಿಂದ ಕೂಡಲೇ ಮೂರು ಪುಟ್ಟ ವಾಕ್ಯ ಸೇರಿಸಿದೆ: "ತಾತ ಅಲ್ಲಿ ಇರಲಿಲ್ಲ. ತಾತ ನೋಡಲಿಲ್ಲ. ಕೆಂಚ ನೋಡಿತು." ಅತ್ತಿಗೆ ಇದಕ್ಕೆ ತಮ್ಮದೊಂದು ಉಪಾಯ ಕೂಡಿಸಿದರು. "ತಾತ ನೀರು ತರಲು ಹೋದರು" ಅನ್ನುವಾಗ ಎದ್ದು ಬಾಗಿಲಾಚೆ ಹೋಗಿ ಬೆನ್ನು ತೋರಿಸಿ ನಿಂತರು. ಅಲ್ಲಿಂದಲೇ "ಸೋಮ ಗುಳುಂ ಅಂತ ತಿಂದುಬಿಟ್ಟ" ಅಂತ ಹೇಳಿದರು. ಒಳಗೆ ಬಂದು "ತಾತ ನೋಡಿದ್ರಾ?" ಅಂದರೆ ಮಕ್ಕಳೆಲ್ಲ "ಇಲ್ಲಾ!"

ಮುಂದಿನ ಸಲ ಕೇಳಿದಾಗ "ಕಚ್ತದೆ" ಅಂದಿದ್ದ ಹುಡುಗ "ತಾತ ನೋಡ್ನಿಲ್ಲ" ಅಂದ. ಅವನಿಗೆ ಪೂರ್ತಿ ಹತ್ತಿತು ಅಂತ ನಾನು ಹೇಳುವುದಿಲ್ಲ. ಪರೀಕ್ಷೆಗೆ ಹೊಂದಿಸಿ ಮಗುವನ್ನು ಬೆಳೆಸಲು ಆಗುವುದಿಲ್ಲ, ಅದು ವಯಸ್ಸಿನ ಜೊತೆ ಬರುವುದು. ಆದರೆ ಕಾರಣದ ಜಾಗದಲ್ಲಿ ಈಗ ಕಥೆಯ ಕಾರಣವೇ ಇದೆ. ಇಳಿಸುವ ಕೆಲಸದಲ್ಲಿ ಪದಗಳನ್ನು ಸೇರಿಸಬೇಕಾಗಿ ಬಂದ ಜಾಗ ಇದು.

ಮೂರು ಸಲ ಯಾಕೆ?

ಸೇರಿಸಿದ ಇನ್ನೊಂದು ಭಾಗ "ಕೆಂಚ ಏನಂತು? ಕುಂಯ್... ಕುಂಯ್..." ಅನ್ನೋ ಸಾಲು. ಅದು ಮೂರು ಸಲ ಬರುತ್ತದೆ. ಒಂದು ಸಲ ಸಾಕಲ್ವಾ, ಕಥೆ ಇನ್ನೂ ಚಿಕ್ಕದಾಗುತ್ತದಲ್ಲ ಅಂತ ಅತ್ತಿಗೆ ಕೇಳಿದರು. ಹೇಳಿ ನೋಡೋಣ ಅಂತ ಪಕ್ಕದ ಊರಿನ ಅಂಗನವಾಡಿಯಲ್ಲಿ ಆ ಬಗೆ ಹೇಳಿದೆವು. ಸೋಮ ತಿಂದ, ಕೆಂಚನನ್ನು ಕಟ್ಟಿದರು, ರಾತ್ರಿ ಸೋಮ ಹೋಗಿ ಹೇಳಿದ, ಬಿಟ್ಟರು. ಅಲ್ಲಿ ಬಂದ ಉತ್ತರ "ಬೆಲ್ಲ ತಿನ್ಬಾರ್ದು". ಇನ್ನೊಬ್ಬ "ನಾಯಿ ಕಟ್ಬಾರ್ದು" ಅಂದ.

ಎರಡೂ ಉತ್ತರ ಆ ಬಗೆಯ ಕಥೆಗೆ ಸರಿಯಾಗೇ ಇವೆ. ಅದರಲ್ಲಿ ಬೆಲ್ಲ ತಿಂದಿದ್ದು ದೊಡ್ಡದಾಗಿ ಕಾಣುತ್ತದೆ, ಸೋಮ ಸುಮ್ಮನಿದ್ದ ಹೊತ್ತು ಕಾಣುವುದೇ ಇಲ್ಲ. ನಮ್ಮ ನೀತಿ ಇರುವುದೇ ಆ ಹೊತ್ತಿನಲ್ಲಿ. ನಾಯಿ ಅಳುತ್ತಿದೆ, ಕಾರಣ ಗೊತ್ತಿರುವ ಹುಡುಗ ಬಾಯಿ ಬಿಡುತ್ತಿಲ್ಲ. ಅದು ಮಗುವಿಗೆ ತಾಗಬೇಕಾದರೆ ಅಷ್ಟು ಹೊತ್ತು ಕಥೆಯೊಳಗೆ ಕಳೆಯಬೇಕು. ಹಾಗಾಗಿ ಮೂರು ಸಲ ಉಳಿಯಿತು, ಮೊದಲೆರಡು ಸಲದ ಜೊತೆ "ಸೋಮ ಏನಂದ? ಏನೂ ಅನ್ನಲಿಲ್ಲ" ಅನ್ನೋ ಸಾಲೂ ಬಂತು. ಮೂರನೇ ಸಲ ಕುಂಯ್ ಆದ ಮೇಲೆ ಮಕ್ಕಳು "ಏನೂ ಅನ್ನಲಿಲ್ಲ" ಅನ್ನಲು ಬಾಯಿ ತೆರೆದಿರುತ್ತಾರೆ. ಆಗ ಸೋಮ ಎದ್ದುಬಿಡುತ್ತಾನೆ. ಅಲ್ಲಿ ಕೋಣೆ ಪೂರ್ತಿ ಸದ್ದಡಗುತ್ತದೆ, ಮೂರು ವರ್ಷದವರೂ ಟೀಚರ್ ಬಾಯನ್ನೇ ನೋಡುತ್ತಾರೆ. "ಸೋಮ ಹೇಳ್ಬುಟ್ಟ, ಅದ್ಕೆ ಕೆಂಚನ್ನ ಬುಟ್ರು" ಅಂತ ಉತ್ತರ ಬಂದಿದ್ದು ಈ ಬಗೆಯಲ್ಲಿ ಮಾತ್ರ.

ಕೊನೆಯನ್ನೂ ಬದಲಾಯಿಸಬೇಕಾಯಿತು. ಮೂಲದಲ್ಲಿ ಸೋಮ ನಿಜ ಹೇಳಿದ ಮೇಲೆ ತಾತ ಖುಷಿಯಾಗಿ ಅವನಿಗೆ ಒಂದು ದೊಡ್ಡ ಅಚ್ಚು ಕೊಡುತ್ತಿದ್ದರು. ಕೆಳಗೆ "ನೀತಿ" ಅಂತ ನಾಲ್ಕು ಸಾಲಿತ್ತು. ಚಿಕ್ಕವರಿಗೆ ಬೆಲ್ಲ ಕೊಟ್ಟರೆ ಲೆಕ್ಕ ಸುಲಭ: ಹೇಳಿದರೆ ಬೆಲ್ಲ ಸಿಗುತ್ತದೆ. ತಾತ ಬೈದರೂ ಕಷ್ಟ: ಹೇಳಿದರೆ ಬೈಗುಳ ಸಿಗುತ್ತದೆ, ಹೇಳದಿರುವುದೇ ವಾಸಿ. ನಿಜ ಹೇಳಿದ್ದರಿಂದ ಏನಾಯಿತು ಅನ್ನೋದಕ್ಕೆ ಕಥೆಯೊಳಗೇ ಉತ್ತರ ಇದೆ, ಕೆಂಚ ಬಿಡುಗಡೆಯಾಯಿತು. ಬೇರೆ ಬಹುಮಾನ ಬೇಡ. ಹಗ್ಗವನ್ನು ತಾತ ಬಿಚ್ಚುವುದರ ಬದಲು "ನೀನೇ ಬಿಚ್ಚು" ಅಂದರೆ ತಪ್ಪು ಸರಿಮಾಡುವ ಕೆಲಸ ಸೋಮನ ಕೈಗೇ ಬರುತ್ತದೆ. ಆ ನಾಲ್ಕು ಸಾಲಿನ ನೀತಿ ತೆಗೆದಿದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಹಾಗೆ ಮಾಡಿದ ಮೇಲೆ ಒಬ್ಬಳು ಪುಟ್ಟಿ "ತಾತ ಸಾರಿ ಕೇಳ್ನೇ ಇಲ್ಲ" ಅಂದಳು. ಸರಿಯಾದ ಮಾತು. ಕೆಂಚನಿಗೆ ಅನ್ಯಾಯ ಮಾಡಿದ್ದು ತಾತ ಕೂಡ. ಆದರೆ ತಾತನ ತಪ್ಪನ್ನು ಎತ್ತಿಕೊಂಡರೆ, ನೋಡದೆ ದೂರಬಾರದು ಅಂತ ಎರಡನೇ ನೀತಿ ಶುರುವಾಗುತ್ತದೆ, ಸೋಮ ಹಿಂದೆ ಸರಿಯುತ್ತಾನೆ. ನಾಲ್ಕು ನಿಮಿಷದಲ್ಲಿ ಎರಡು ಹಿಡಿಸುವುದಿಲ್ಲ. ಅದಕ್ಕೆ "ತಾತ ಕೆಂಚನ ತಲೆ ಸವರಿದರು" ಅಂತ ಒಂದೇ ಸಾಲು ಹಾಕಿದೆ. ಆ ಪುಟ್ಟಿಗೆ ಅಷ್ಟು ಸಾಕಾಯಿತು.

ಈಗ ಅತ್ತಿಗೆಯ ಕೈಯಲ್ಲಿರುವ ಕಥೆ ಇದು. ಪೂರ್ತಿ ಸುಮಾರು 150 ಪದ. ಸುಮ್ನೆ ಓದಿದರೆ ಎರಡೂವರೆ ನಿಮಿಷ, ಮಕ್ಕಳ ಎಣಿಕೆ ಮತ್ತು ಕುಂಯ್‌ಕುಂಯ್ ಸೇರಿ ನಾಲ್ಕು.

ಒಂದು ಆಲೆಮನೆ. ಅಲ್ಲಿ ತಾತ ಬೆಲ್ಲ ಮಾಡುತ್ತಿದ್ದರು.
ತಾತನಿಗೆ ಒಬ್ಬ ಮೊಮ್ಮಗ. ಅವನ ಹೆಸರು ಸೋಮ.
ತಾತನ ಹತ್ತಿರ ಒಂದು ನಾಯಿ. ಅದರ ಹೆಸರು ಕೆಂಚ.
ಸೋಮ ಓಡಿದರೆ ಕೆಂಚನೂ ಓಡುತ್ತಿತ್ತು. ಸೋಮ ಕೂತರೆ ಕೆಂಚನೂ ಕೂರುತ್ತಿತ್ತು.

ಒಂದು ದಿನ ತಾತ ಚಾಪೆ ಮೇಲೆ ಬೆಲ್ಲದ ಅಚ್ಚು ಇಟ್ಟರು.
ಬಿಸಿ ಬಿಸಿ ಬೆಲ್ಲ. ಘಮ ಘಮ ಬೆಲ್ಲ.
ತಾತ ನೀರು ತರಲು ಹೋದರು.
ಸೋಮ ಒಂದು ಪುಟ್ಟ ಅಚ್ಚು ತೆಗೆದುಕೊಂಡ. ಗುಳುಂ! ತಿಂದುಬಿಟ್ಟ.
ತಾತ ಅಲ್ಲಿ ಇರಲಿಲ್ಲ. ತಾತ ನೋಡಲಿಲ್ಲ. ಕೆಂಚ ನೋಡಿತು.

ತಾತ ಬಂದರು. ಒಂದು, ಎರಡು, ಮೂರು... ಒಂದು ಅಚ್ಚು ಇಲ್ಲ!
ಪಕ್ಕದಲ್ಲಿ ಕೆಂಚ ಕೂತಿತ್ತು.
"ಕೆಂಚನೇ ತಿಂದಿದೆ," ಅಂದರು ತಾತ.
ತಾತ ಕೆಂಚನನ್ನು ಕಂಬಕ್ಕೆ ಕಟ್ಟಿದರು.
ಕೆಂಚ ಏನಂತು? ಕುಂಯ್... ಕುಂಯ್...
ಸೋಮ ಏನಂದ? ಏನೂ ಅನ್ನಲಿಲ್ಲ.

ಸೋಮ ಆಟಕ್ಕೆ ಹೋದ. ಕೆಂಚ ಬರಲಿಲ್ಲ.
ಕೆಂಚ ಏನಂತು? ಕುಂಯ್... ಕುಂಯ್...
ಸೋಮ ಏನಂದ? ಏನೂ ಅನ್ನಲಿಲ್ಲ.

ರಾತ್ರಿ ಆಯಿತು. ಸೋಮ ಮಲಗಿದ. ನಿದ್ದೆ ಬರಲಿಲ್ಲ.
ಕೆಂಚ ಏನಂತು? ಕುಂಯ್... ಕುಂಯ್...
ಸೋಮ ಎದ್ದ. ತಾತನ ಹತ್ತಿರ ಹೋದ.
"ತಾತ, ಬೆಲ್ಲ ತಿಂದಿದ್ದು ಕೆಂಚ ಅಲ್ಲ. ನಾನು."
"ಹಾಗಾದರೆ ಕೆಂಚನನ್ನು ನೀನೇ ಬಿಚ್ಚು," ಅಂದರು ತಾತ.
ಸೋಮ ಹಗ್ಗ ಬಿಚ್ಚಿದ. "ಕೆಂಚ, ತಪ್ಪು ನಂದು," ಅಂದ.
ತಾತ ಕೆಂಚನ ತಲೆ ಸವರಿದರು.
ಬೆಳಗಾಯಿತು. ಸೋಮ ಓಡಿದ. ಕೆಂಚನೂ ಓಡಿತು.

ಹೇಳುವವರಿಗೆ ಎರಡು ಮಾತು. "ಸೋಮ ಏನಂದ?" ಅಂತ ಕೇಳಿ ಕೂಡಲೇ ಮುಂದಿನ ಸಾಲಿಗೆ ಹೋಗಬೇಡಿ. ಮೊದಲ ಸಲ ಮಕ್ಕಳು "ನಾನು ತಿಂದೆ ಅಂದ" ಅಂತ ಹೇಳುವುದುಂಟು, ಹೇಳಲಿ ಬಿಡಿ. ಅವರು ಸೋಮನಿಂದ ಏನು ಬಯಸುತ್ತಿದ್ದಾರೆ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ. ಎರಡನೆಯದು, ಕುಂಯ್‌ಕುಂಯ್ ಅನ್ನುವ ಕೆಲಸವನ್ನು ಐದು ವರ್ಷದವರಿಗೆ ಕೊಡಿ. ಕಥೆ ಅವರಿಗೆ ಸುಲಭವಾದರೂ ಕೆಲಸ ಇರುವುದರಿಂದ ಕೂತಿರುತ್ತಾರೆ, ಚಿಕ್ಕವರು ಅವರನ್ನು ನೋಡಿ ಸೇರಿಕೊಳ್ಳುತ್ತಾರೆ. ಅಕ್ಕಂದಿರ ಜೊತೆ ಬಂದು ಕೂರುವ ಎರಡು ವರ್ಷದವರಿಗೆ ಈ ಕಥೆ ಆಗುವುದಿಲ್ಲ. ಅವರಿಗೆ ಕುಂಯ್ ಮಾತ್ರ ಸಿಗುತ್ತದೆ.

ಮೈಸೂರಿನಲ್ಲಿ ನನ್ನ ಗೆಳತಿಯೊಬ್ಬಳು ತನ್ನ ಪ್ಲೇ ಸ್ಕೂಲ್ ಮಕ್ಕಳಿಗೆ ಇದನ್ನೇ ಹೇಳಿದಳು. ಅಲ್ಲಿ ಬಹಳ ಮಕ್ಕಳಿಗೆ ಆಲೆಮನೆ ಅಂದರೆ ಏನು ಅಂತ ಗೊತ್ತಿರಲಿಲ್ಲ, ಬೆಲ್ಲ ಅಂದರೆ ಅಡುಗೆಮನೆ ಡಬ್ಬದಲ್ಲಿರುವ ಪುಡಿ. ಅಂಗಡಿಯಿಂದ ಅಚ್ಚು ಬೆಲ್ಲ ತಂದು ಚಾಪೆ ಮೇಲೆ ನಾಲ್ಕು ಸಾಲಾಗಿ ಇಟ್ಟು, "ಹೀಗೆ ಬೆಲ್ಲ ಮಾಡುವ ಜಾಗಕ್ಕೆ ಆಲೆಮನೆ ಅಂತಾರೆ" ಅಂತ ಕಥೆಗೆ ಮುಂಚೆಯೇ ಹೇಳಿ ಮುಗಿಸಿದಳು. ಕಥೆಯ ಮಧ್ಯೆ ವಿವರಿಸಲು ನಿಂತರೆ ಎಳೆ ಕಡಿಯುತ್ತದೆ. ಎಣಿಸುವ ಸಾಲು ಬಂದಾಗ ಅವಳು ಒಂದು ಅಚ್ಚನ್ನು ಸೆರಗಿನಲ್ಲಿ ಬಚ್ಚಿಟ್ಟಿದ್ದಳು, ಮಕ್ಕಳೇ ಎಣಿಸಿದರು. ಅತ್ತಿಗೆಯೂ ಈಗ ಹಾಗೇ ಮಾಡುತ್ತಾರೆ.